ಎರಡು ಪೀಪಾಯಿ ಹೊಗೆಸೊಪ್ಪು, ಒಂದು ಕಣಿವೆಬಾಯಿ

ಐಸೆನ್‌ಗಾರ್ಡ್ ಕೋಟೆ ಮುರಿದುಬಿದ್ದಿದೆ. ಸುತ್ತ ನೆರೆನೀರು ನಿಂತಿದೆ. ಹೆಬ್ಬಾಗಿಲ ಅವಶೇಷಗಳ ಮೇಲೆ ಕೂತು ಇಬ್ಬರು ಕುಳ್ಳ ಗೆಳೆಯರು, ಮೆರ್ರಿ ಮತ್ತು ಪಿಪ್ಪಿನ್, ನೆಮ್ಮದಿಯಾಗಿ ಚುಟ್ಟಾಕೊಳವೆ ಸೇದುತ್ತಿದ್ದಾರೆ. ಮಾಂತ್ರಿಕ ಸಾರುಮಾನನ ಉಗ್ರಾಣದಿಂದ ಎರಡು ಸಣ್ಣ ಪೀಪಾಯಿಗಳು ಅವರ ಕೈಗೆ ಸಿಕ್ಕಿವೆ. ಒಳಗಿರುವುದು ಹೊಗೆಸೊಪ್ಪು. ಪೀಪಾಯಿಯ ಮೇಲಿನ ಗುರುತು ಅವರದೇ ಊರಾದ ಶೈರ್‌ನ ಬೆಳೆಗಾರರದ್ದು, ವರ್ಷವೂ ಇತ್ತೀಚಿನ ಸುಗ್ಗಿಯದ್ದೇ. ಗೆಳೆಯರಿಗೆ ಅದು ಖುಷಿಯ ಸಂಗತಿ. ಆದರೆ ಕಾಡುಮೇಡು ಅಲೆದು ದಾರಿಗಳನ್ನೆಲ್ಲ ಬಲ್ಲ ಆರಗೋರ್ನನಿಗೆ ಅದನ್ನು ಕೇಳಿ ಕಸಿವಿಸಿಯಾಗುತ್ತದೆ. ಶೈರ್‌ಗೂ ಈ ಕೋಟೆಗೂ ನಡುವೆ ಇರುವುದು ಪಾಳುಬಿದ್ದ ಸೀಮೆ, ಅಲ್ಲಿ ಬಹಳ ಕಾಲದಿಂದ ಸರಕು ಸಾಗಿದ್ದಿಲ್ಲ. ಹಾಗಿದ್ದಮೇಲೆ ಈ ಪೀಪಾಯಿ ಬಂದದ್ದು ಹೇಗೆ?

ಜೆ.ಆರ್.ಆರ್. ಟೋಲ್ಕಿನ್ ಬರೆದ ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಈ ಸಣ್ಣ ಪ್ರಸಂಗವನ್ನು ಓದುಗರು ತಮಾಷೆಯೆಂದು ದಾಟಿಹೋಗುವುದೇ ಹೆಚ್ಚು. ಪುಸ್ತಕದ ಜೊತೆಗಿರುವ ನಕ್ಷೆಯನ್ನು ಬಿಡಿಸಿಟ್ಟುಕೊಂಡು ಓದಿದರೆ ಮಾತ್ರ ಅದರ ತೂಕ ತಿಳಿಯುತ್ತದೆ. ಆ ಪೀಪಾಯಿಗಳು ಬಂದ ದಾರಿಯ ಮೇಲೆ ಬೆರಳಾಡಿಸಿದರೆ ಆ ಲೋಕದ ರಾಜಕೀಯ, ವ್ಯಾಪಾರ, ಕಥಾನಾಯಕ ಫ್ರೋಡೊ ಹಿಡಿದ ಹಾದಿ, ಮೂರೂ ಒಂದೇ ಜಾಗಕ್ಕೆ ಬಂದು ಸೇರುತ್ತವೆ.

ಮೊದಲ ಸಂಪುಟ ಅಚ್ಚಾದ 1954ರಲ್ಲೇ ಲೇಖಕಿ ನವೋಮಿ ಮಿಚಿಸನ್ ಅವರಿಗೆ ಬರೆದ ಪತ್ರದಲ್ಲಿ ಟೋಲ್ಕಿನ್ ತಮ್ಮ ಕ್ರಮವನ್ನು ಹೇಳಿಕೊಂಡಿದ್ದಾರೆ: ಮೊದಲು ನಕ್ಷೆ, ಆಮೇಲೆ ಅದಕ್ಕೆ ಹೊಂದುವ ಕಥೆ. ಕಥೆ ಬರೆದು ಆಮೇಲೆ ನಕ್ಷೆ ಎಳೆಯಲು ಹೋದರೆ ಗೊಂದಲ ತಪ್ಪದು ಎಂಬುದು ಅವರ ಅನುಭವ. ಯಾರು ಯಾವ ದಿನ ಎಲ್ಲಿದ್ದರು, ಎಷ್ಟು ಮೈಲಿ ನಡೆದರು ಎಂದು ಅವರು ಲೆಕ್ಕ ಇಡುತ್ತಿದ್ದರು. 1944ರಲ್ಲಿ ವಾಯುಪಡೆಯಲ್ಲಿದ್ದ ಮಗ ಕ್ರಿಸ್ಟೊಫರ್‌ಗೆ ಬರೆದ ಪತ್ರದಲ್ಲಿ, ಕಥೆಯ ಬೇರೆ ಬೇರೆ ಕಡೆ ಚಂದ್ರನ ಕಲೆ ತಾಳೆಯಾಗುತ್ತಿಲ್ಲವೆಂದು ತಲೆಕೆಡಿಸಿಕೊಂಡದ್ದು ಕಾಣುತ್ತದೆ. ಪುಸ್ತಕಕ್ಕೆ ನಕ್ಷೆ ಬಿಡಿಸಿದ್ದೂ ಇದೇ ಮಗ.

ಈಗ ನಕ್ಷೆಗೆ ಬರೋಣ. ಉತ್ತರದಿಂದ ದಕ್ಷಿಣಕ್ಕೆ ನೂರಾರು ಮೈಲಿ ಉದ್ದಕ್ಕೆ ಮಂಜುಬೆಟ್ಟಗಳ ಸಾಲು ಗೋಡೆಯಂತೆ ನಿಂತಿದೆ. ಅದರ ಪಶ್ಚಿಮಕ್ಕೆ ಶೈರ್, ಪೂರ್ವದ ತಪ್ಪಲಿನಾಚೆ ಆಂಡುಯಿನ್ ಎಂಬ ಮಹಾನದಿ. ಇನ್ನೂ ದಕ್ಷಿಣಕ್ಕೆ ಬಿಳಿಬೆಟ್ಟಗಳು ಪಶ್ಚಿಮದಿಂದ ಪೂರ್ವಕ್ಕೆ ಅಡ್ಡ ಮಲಗಿವೆ. ಈ ಎರಡು ಸಾಲುಗಳು ಒಂದಕ್ಕೊಂದು ತಾಗುವುದಿಲ್ಲ. ನಡುವೆ ಒಂದು ಬಯಲು ಸಂದು ಉಳಿದಿದೆ, ಐಸೆನ್ ನದಿ ಅಲ್ಲಿ ಹರಿಯುತ್ತದೆ. ಅದೇ ರೋಹನ್ ಕಣಿವೆಬಾಯಿ. ಹಿಮದ ಘಾಟಿ ಹತ್ತದೆ ಬಂಡಿ ಹೊಡೆದುಕೊಂಡು, ಸೈನ್ಯ ಕಟ್ಟಿಕೊಂಡು ಈ ಕಡೆಯಿಂದ ಆ ಕಡೆಗೆ ಹೋಗಬೇಕೆಂದರೆ ಇರುವ ದಾರಿ ಇದೊಂದೇ.

ಇಂಥ ಜಾಗವನ್ನು ಯಾವ ರಾಜ್ಯವೂ ಕಾವಲಿಲ್ಲದೆ ಬಿಡುವಂತಿಲ್ಲ. ದಕ್ಷಿಣದ ದೊಡ್ಡ ರಾಜ್ಯ ಗೊಂಡೋರ್‌ಗೆ ಈ ಬಯಲು ಉತ್ತರದ ಬಾಗಿಲು. ಆದರೆ ಆ ಲೋಕದ ಮೂರನೇ ಯುಗದ 1636ರಲ್ಲಿ ಬಂದ ಮಹಾಮಾರಿಗೆ ಅಲ್ಲಿನ ಜನ ಸತ್ತುಹೋದರು. ಉಳಿದವರು ಚದುರಿದರು. ಬಾಗಿಲಿತ್ತು, ಕಾಯುವವರಿರಲಿಲ್ಲ. 2510ರಲ್ಲಿ ಉತ್ತರದಿಂದ ಬಂದ ಕುದುರೆ ಸವಾರರ ಪಡೆಯೊಂದು ಗೊಂಡೋರ್ ಸೈನ್ಯವನ್ನು ಸೋಲಿನಿಂದ ಉಳಿಸಿತು. ಗೊಂಡೋರ್‌ನ ಆಡಳಿತಗಾರ ಸಿರಿಯನ್ ಆ ಖಾಲಿ ಸೀಮೆಯನ್ನೇ ಅವರಿಗೆ ಬಿಟ್ಟುಕೊಟ್ಟ. ಹುಲ್ಲುಗಾವಲು ಬೇಕಿದ್ದವರಿಗೆ ಹುಲ್ಲುಗಾವಲು ಸಿಕ್ಕಿತು, ಕಾವಲು ಬೇಕಿದ್ದವರಿಗೆ ಕಾವಲು ಸಿಕ್ಕಿತು. ರೋಹನ್ ರಾಜ್ಯ ಹುಟ್ಟಿದ್ದು ಹೀಗೆ. ಕರೆದಾಗ ನೆರವಿಗೆ ಬರುತ್ತೇವೆಂದು ಎರಡೂ ಕಡೆಯವರು ಇಟ್ಟ ಆಣೆಯ ಹಿಂದೆ ಪ್ರೀತಿ ಗೌರವಗಳಷ್ಟೇ ಅಲ್ಲ, ನಕ್ಷೆಯ ಒತ್ತಾಯವೂ ಇದೆ.

ಇಷ್ಟಾದರೂ ಗೊಂಡೋರ್ ಕಣಿವೆಬಾಯಿಯ ನೆತ್ತಿಯ ಮೇಲಿದ್ದ ಐಸೆನ್‌ಗಾರ್ಡ್ ಕೋಟೆಯನ್ನು ರೋಹನ್‌ಗೆ ಕೊಡಲಿಲ್ಲ. ಬೀಗದ ಕೈ ತನ್ನಲ್ಲೇ ಇಟ್ಟುಕೊಂಡಿತ್ತು. 2759ರಲ್ಲಿ, ದಾಳಿಗೂ ಭೀಕರ ಚಳಿಗಾಲಕ್ಕೂ ಸಿಕ್ಕಿ ರೋಹನ್ ನಲುಗಿಹೋಗಿದ್ದಾಗ, ಜ್ಞಾನಿಯೆಂದು ಹೆಸರಾದ ಸಾರುಮಾನ್ ಕೋಟೆಯಲ್ಲಿ ನೆಲೆಸುತ್ತೇನೆಂದ. ಆಡಳಿತಗಾರ ಬೆರೆನ್ ಸಂತೋಷದಿಂದಲೇ ಕೀಲಿ ಕೊಟ್ಟ. ಸುಮಾರು ಇನ್ನೂರು ವರ್ಷಗಳ ನಂತರ ಸಾರುಮಾನ್ ಕೋಟೆ ತನ್ನದೇ ಎಂದು ಭದ್ರಪಡಿಸಿಕೊಳ್ಳತೊಡಗಿದ. ಇಡೀ ಕಥೆಯ ರಾಜಕೀಯದಲ್ಲಿ ಇದಕ್ಕಿಂತ ದುಬಾರಿಯಾದ ತಪ್ಪು ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಸಾರುಮಾನನ ಮಂತ್ರಕ್ಕಿಂತ ಅವನು ಕೂತ ಜಾಗವೇ ಹೆಚ್ಚು ಅಪಾಯದ್ದು. ಅಲ್ಲಿಂದ ಅವನು ರೋಹನ್ ಸವಾರರನ್ನು ಪಶ್ಚಿಮದ ಗಡಿಯಲ್ಲೇ ಕಟ್ಟಿಹಾಕಬಲ್ಲ. ಅವರು ಕದಲಲಾಗದಿದ್ದರೆ ಪೂರ್ವದಲ್ಲಿ ಮೊರ್ಡೋರ್‌ನ ದೊರೆ ಸೌರಾನ್ ದಂಡೆತ್ತಿ ಬಂದಾಗ ಗೊಂಡೋರ್‌ಗೆ ನೆರವಿಲ್ಲ. ಐಸೆನ್ ಹಾಯ್ಗಡದಲ್ಲಿ ಎರಡು ಸಲ ಕಾದಾಟ ನಡೆಯುವುದು, ರೋಹನ್ ರಾಜಕುಮಾರ ಅಲ್ಲೇ ಸಾಯುವುದು ಇದೇ ಕಾರಣಕ್ಕೆ.

ವ್ಯಾಪಾರದ ಕಥೆಯೂ ಇದೇ ದಾರಿಯದ್ದು. ಹಿಂದೆ ಉತ್ತರ ದಕ್ಷಿಣದ ರಾಜ್ಯಗಳನ್ನು ಒಂದು ಹೆದ್ದಾರಿ ಜೋಡಿಸಿತ್ತು. ಅದು ಐಸೆನ್ ನದಿ ದಾಟಿ, ಥಾರ್ಬಾಡ್ ಎಂಬ ಪಟ್ಟಣದ ಸೇತುವೆ ದಾಟಿ, ಬ್ರೀ ಊರಿನವರೆಗೆ ಹೋಗುತ್ತಿತ್ತು. ಉತ್ತರದ ರಾಜ್ಯ ಅಳಿಯಿತು, ಓಡಾಟ ನಿಂತಿತು. ಹುಲ್ಲು ಬೆಳೆದು ಮುಚ್ಚಿದ ಆ ರಸ್ತೆಯನ್ನು ಬ್ರೀ ಜನ ಹಸಿರುದಾರಿ ಎಂದೇ ಕರೆಯುತ್ತಾರೆ. ಒಂದು ಹೆಸರಿನಲ್ಲೇ ಇಡೀ ಆರ್ಥಿಕತೆಯ ಅವನತಿ ಹೇಳುವ ಈ ಸೂಕ್ಷ್ಮ ನನಗೆ ಬಹಳ ಇಷ್ಟ. 2912ರ ಮಹಾಪ್ರವಾಹಕ್ಕೆ ಥಾರ್ಬಾಡ್ ಹಾಳಾಗಿ ಜನ ಊರು ಬಿಟ್ಟರು. ಗೊಂಡೋರ್‌ನ ಬೊರೊಮಿರ್ ಉತ್ತರದ ರಿವೆಂಡೆಲ್‌ಗೆ ಬರುವಾಗ ಅಲ್ಲಿ ನದಿ ಹಾಯಲು ಹೋಗಿ ಕುದುರೆಯನ್ನು ಕಳೆದುಕೊಳ್ಳುತ್ತಾನೆ. ಆ ಪ್ರಯಾಣಕ್ಕೆ ಅವನಿಗೆ 110 ದಿನ ಹಿಡಿಯುತ್ತದೆ. ಒಂದು ಸೇತುವೆ ಇಲ್ಲದ್ದಕ್ಕೆ ಎರಡು ಸೀಮೆಗಳು ಒಂದನ್ನೊಂದು ಮರೆತಿವೆ. ಶೈರ್ ಜನ ಹೊರಲೋಕದ ಯುದ್ಧಗಳ ಸುದ್ದಿಯೇ ಇಲ್ಲದೆ ಹಾಯಾಗಿದ್ದದ್ದೂ ಇದರಿಂದಲೇ.

ಹೊಗೆಸೊಪ್ಪಿನ ಗಿಡ ದಕ್ಷಿಣದ ಗೊಂಡೋರ್‌ನಲ್ಲಿ ತಾನಾಗಿ ಬೆಳೆಯುತ್ತದೆ, ಅಲ್ಲಿಯವರಿಗೆ ಅದರ ಹೂವಿನ ಪರಿಮಳವಷ್ಟೇ ಬೇಕು. ಚಳಿಯ ಉತ್ತರದಲ್ಲಿ ಅದು ಶೈರ್‌ನ ತೆಂಕಣ ಭಾಗದಂಥ ಬೆಚ್ಚಗಿನ, ಗಾಳಿಮರೆಯ ನೆಲದಲ್ಲಿ ಮಾತ್ರ ಬರುತ್ತದೆ. ಅದನ್ನು ಸೇದುವ ಚಟ ಹುಟ್ಟಿದ್ದೂ ಉತ್ತರದಲ್ಲೇ. ಹಾಗಾಗಿ ಸಾರುಮಾನನಿಗೆ ಬೇಕೆಂದರೆ ಸರಕು ಬರಬೇಕಾದದ್ದು ಶೈರ್‌ನಿಂದ, ಪಾಳುಬಿದ್ದ ಆ ದಾರಿಯಲ್ಲಿ, ಕಣಿವೆಬಾಯಿಗೆ, ಗುಟ್ಟಾಗಿ. ಆರಗೋರ್ನ್ ಆ ಪೀಪಾಯಿಗಳಲ್ಲಿ ಓದಿದ್ದು ಇದನ್ನೇ: ಶೈರ್‌ನ ಒಳಗೇ ಯಾರೋ ಸಾರುಮಾನನ ಜೊತೆ ಕೈಜೋಡಿಸಿದ್ದಾರೆ.

ಇನ್ನು ಫ್ರೋಡೊನ ಹಾದಿ. ಅವನು ಉಂಗುರವನ್ನು ಮೊರ್ಡೋರ್‌ನ ಅಗ್ನಿಪರ್ವತಕ್ಕೆ ಒಯ್ಯಬೇಕು. ಒಂಬತ್ತು ಜನರ ತಂಡ ಡಿಸೆಂಬರ್ 25ರಂದು ರಿವೆಂಡೆಲ್ ಬಿಟ್ಟು ಬೆಟ್ಟಸಾಲಿನ ಪಶ್ಚಿಮಕ್ಕೇ ದಕ್ಷಿಣಕ್ಕೆ ನಡೆಯುತ್ತದೆ. ಎರಡು ವಾರ ಕಳೆದಾಗ ನೇರ ಗೆರೆಯಲ್ಲಿ ಸಾಗಿರುವುದು 135 ಮೈಲಿ ಮಾತ್ರ. ಆಮೇಲೆ ಗೋಡೆ ದಾಟಲೇಬೇಕು. ಕರಾಧ್ರಾಸ್ ಶಿಖರದ ಘಾಟಿ ಹತ್ತುತ್ತಾರೆ. ಜನವರಿಯ ಹಿಮ ಅವರನ್ನು ಕೆಳಗೆ ಅಟ್ಟುತ್ತದೆ.

ಅಂದಿನ ರಾತ್ರಿಯ ಸಮಾಲೋಚನೆಯೇ ನಕ್ಷೆಯ ನಿಜವಾದ ಪಾಠ. ತನ್ನ ಊರಿನ ದಾರಿ ಬಲ್ಲ ಬೊರೊಮಿರ್ ಕಣಿವೆಬಾಯಿಯಿಂದ ಹೋಗೋಣವೆನ್ನುತ್ತಾನೆ. ಸುಲಭದ ದಾರಿ ನಿಜ, ಆದರೆ ಅದರ ಬಾಗಿಲಲ್ಲೇ ಸಾರುಮಾನ್ ಕೂತಿದ್ದಾನೆ. ಉಂಗುರ ಅವನ ಹತ್ತಿರ ಸುಳಿಯಕೂಡದು ಎನ್ನುತ್ತಾನೆ ಗಂಡಾಲ್ಫ್. ಹಾಗಾದರೆ ಐಸೆನ್ ದಾಟಿ ಕಡಲ ಬದಿಯಿಂದ ಸುತ್ತಿಕೊಂಡು ಹೋಗಬಹುದಲ್ಲ? ಅದಕ್ಕೆ ಒಂದು ವರ್ಷವೇ ಹಿಡಿದೀತು, ತಂಗಲು ನೆಲೆಯಿಲ್ಲದ ಸೀಮೆ ಬೇರೆ. ಉಳಿದದ್ದು ಬೆಟ್ಟದ ಹೊಟ್ಟೆಯೊಳಗಿನ ಮೋರಿಯಾ, ಈ ತುದಿಯಿಂದ ಆ ತುದಿಗೆ ನೇರವಾಗಿ ನಲವತ್ತು ಮೈಲಿಗೆ ಕಡಿಮೆಯಿಲ್ಲದ ಕತ್ತಲು. ಗಂಡಾಲ್ಫ್ ಅಲ್ಲಿ ಬೀಳುತ್ತಾನೆ. ಬೆರೆನ್ ಕೊಟ್ಟ ಕೀಲಿಗೂ ಗಂಡಾಲ್ಫನ ಪತನಕ್ಕೂ ನಡುವೆ ಎಳೆದ ಗೆರೆ ನಕ್ಷೆಯಲ್ಲಿ ಎದ್ದು ಕಾಣುತ್ತದೆ. ಬಯಲು ಮುಚ್ಚಿದ್ದರಿಂದ ಘಾಟಿ, ಘಾಟಿ ಮುಚ್ಚಿದ್ದರಿಂದ ಗುಹೆ.

ಬೆಟ್ಟದಾಚೆ ಆಂಡುಯಿನ್ ಅವರನ್ನು ದೋಣಿಯಲ್ಲಿ ಹತ್ತು ದಿನ ಹೊತ್ತೊಯ್ಯುತ್ತದೆ. ಮುಂದೆ ರೌರೋಸ್ ಜಲಪಾತ. ಪಶ್ಚಿಮದ ದಡ ಹಿಡಿದರೆ ಗೊಂಡೋರ್, ಪೂರ್ವದ ದಡ ಹಿಡಿದರೆ ಮೊರ್ಡೋರ್. ಇನ್ನು ತೇಲಿಕೊಂಡು ನಿರ್ಧಾರ ಮುಂದೂಡುವಂತಿಲ್ಲ. ತಂಡ ಒಡೆಯುವುದು ಸರಿಯಾಗಿ ಅಲ್ಲಿಯೇ.

ಈ ನಕ್ಷೆ ದೋಷವಿಲ್ಲದ್ದೇನಲ್ಲ. ಮೊರ್ಡೋರ್‌ನ ಮೂರು ಬದಿಗೂ ಬೆಟ್ಟಗಳು ಪೆಟ್ಟಿಗೆಯ ಹಲಗೆಗಳಂತೆ ಮೂಲೆಗೆ ಮೂಲೆ ಕೂಡಿಸಿ ನಿಂತಿವೆ. ನಿಸರ್ಗದಲ್ಲಿ ಪರ್ವತ ಏಳುವ ರೀತಿ ಅದಲ್ಲವೆಂದು ಭೂವಿಜ್ಞಾನ ಬಲ್ಲ ಓದುಗರು ಆಕ್ಷೇಪಿಸುತ್ತಾರೆ, ಅದು ಸರಿಯೇ. ಅಲ್ಲಿ ಬೆಟ್ಟ ಬಂದಿರುವುದು ಕಥೆಗೆ ಕೋಟೆ ಬೇಕಿದ್ದರಿಂದ. ಆದರೆ ಅಷ್ಟು ಸೈನ್ಯಕ್ಕೆ ಅನ್ನ ಎಲ್ಲಿಂದ ಎಂಬ ಪ್ರಶ್ನೆಯನ್ನು ಟೋಲ್ಕಿನ್ ಮರೆಯಲಿಲ್ಲ. ದಕ್ಷಿಣದ ನೂರ್ನೆನ್ ಸರೋವರದ ಬಳಿ ಗುಲಾಮರು ದುಡಿಯುವ ಹೊಲಗಳಿವೆ, ಪೂರ್ವ ದಕ್ಷಿಣದ ನಾಡುಗಳಿಂದ ಕಪ್ಪಕಾಣಿಕೆಯ ಬಂಡಿಗಳು ಬರುತ್ತವೆ. ಫ್ರೋಡೊ ದಾಟುವ ಬೂದಿನೆಲದಿಂದ ಅವು ಕಣ್ಣಿಗೆ ಬೀಳುವುದಿಲ್ಲ.

ಉಂಗುರ ನಾಶವಾಗಿ, ಯುದ್ಧ ಮುಗಿದು ಗೆಳೆಯರು ಶೈರ್‌ಗೆ ಮರಳುತ್ತಾರೆ. ಸುಗ್ಗಿ ಚೆನ್ನಾಗಿ ಬಂದಿದ್ದರೂ ಊರಲ್ಲಿ ಕಾಳಿಲ್ಲ, ಹೊಗೆಸೊಪ್ಪಿಲ್ಲ. ಫ್ರೋಡೊನ ನೆಂಟ ಲೋಥೋ ತೋಟಗಳನ್ನೆಲ್ಲ ಕೊಂಡು, ಒಂದೆರಡು ವರ್ಷ ಸದ್ದಿಲ್ಲದೆ ಸೊಪ್ಪನ್ನು ದಕ್ಷಿಣಕ್ಕೆ ಸಾಗಿಸಿದ್ದ. ಆಮೇಲೆ ಸೊಪ್ಪಿನ ಹಿಂದೆ ಉಳಿದ ಸರಕೂ ಬಂಡಿ ಏರಿತು. ಸರಕು ಒಯ್ಯಲು ದೊಡ್ಡ ಬಂಡಿಗಳೊಂದಿಗೆ ಬಂದ ದಕ್ಷಿಣದ ಗಂಡಸರಲ್ಲಿ ಕೆಲವರು ಹಿಂದಿರುಗಿ ಹೋಗಲೇ ಇಲ್ಲ. ಅವರು ಮರ ಕಡಿದು, ಶೆಡ್ಡು ಕಟ್ಟಿಕೊಂಡು ಊರಲ್ಲೇ ತಳವೂರಿದ್ದರು.