ಮಜೂರಿಯಲ್ಲಿ ಬಿಡಿ, ಚಿನ್ನದಲ್ಲಲ್ಲ

ಮದುವೆ ನಿಶ್ಚಯವಾದ ಮನೆಗೆ ಹಬ್ಬದ ಆಫರ್‌ಗಿಂತ ದರದ ಭರವಸೆ ಮುಖ್ಯ. ‘ಮುಂಗಡ ಕೊಟ್ಟು ಇಂದಿನ ದರ ಕಾಯ್ದಿರಿಸಿ, ಮಜೂರಿಯಲ್ಲಿ ಕಾಲುಭಾಗ ಕಡಿತ’ ಎಂಬ ಯೋಜನೆ ಅಲ್ಲಿ ಚೆನ್ನಾಗಿ ನಡೆಯುತ್ತದೆ.

22 ಕ್ಯಾರೆಟ್‌ನ 40 ಗ್ರಾಂ ಹಾರವನ್ನೇ ನೋಡಿ. ಗ್ರಾಂಗೆ 10,000 ರೂಪಾಯಿ ಎಂದುಕೊಂಡರೆ ಚಿನ್ನಕ್ಕೆ 4 ಲಕ್ಷ, ಶೇ 14ರ ಮಜೂರಿ 56,000. ಕಾಲುಭಾಗ ಬಿಟ್ಟರೂ ಅಂಗಡಿಗೆ 42,000 ಉಳಿಯುತ್ತದೆ. ಅಕ್ಕಸಾಲಿಯ ಕೂಲಿ, ಬಾಡಿಗೆ ಅದರಲ್ಲೇ ಆಗಬೇಕು.

ಅಪಾಯ ಈ ಕಡಿತದಲ್ಲಿಲ್ಲ. ಮದುವೆ ಹೊತ್ತಿಗೆ ದರ ಗ್ರಾಂಗೆ 1,000 ಏರಿ, ಅಂಗಡಿಯವರು ಚಿನ್ನವನ್ನು ಆಗ ಕೊಳ್ಳಹೊರಟರೆ 40,000 ಹೋಯಿತು!

ಆದ್ದರಿಂದ ಬುಕಿಂಗ್ ದಿನವೇ, ಆ ಹಾರಕ್ಕೆ ಬೇಕಾದ ಸುಮಾರು 36.7 ಗ್ರಾಂ ಅಪ್ಪಟ ಚಿನ್ನವನ್ನು ಸಗಟು ವ್ಯಾಪಾರಿಯಿಂದ ಕೊಂಡಿಡಬೇಕು. ಮುಂಗಡ ತೀರಾ ಕಡಿಮೆಯಿದ್ದರೆ, ದರ ಇಳಿದಾಗ ಗಿರಾಕಿ ಅದನ್ನು ಬಿಟ್ಟು ಬೇರೆ ಅಂಗಡಿಗೆ ಹೋಗಬಹುದು. ‘ಯಾವ ದರ ಕಡಿಮೆಯೋ ಅದೇ’ ಎಂಬ ಮಾತು ಕೊಟ್ಟರಂತೂ, ಇಳಿಕೆಯ ನಷ್ಟವೆಲ್ಲ ಅಂಗಡಿಯದೇ.