ಎರಡು ಅಡುಗೆಮನೆ, ಒಂದೇ ಬಾವಿ

ದಾವಣಗೆರೆಯ ಹದಿನೈದು ಕ್ಲಿನಿಕ್‌ಗಳಿಗೆ ಟೋಕನ್ ಕೊಡುವ ಒಂದು ಆ್ಯಪ್ ಇದೆ ಎಂದಿಟ್ಟುಕೊಳ್ಳಿ. ನಡೆಸುವವರು ಇಬ್ಬರು, ಸರ್ವರ್ ಒಂದು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ನೂಕುನುಗ್ಗಲು, ರಾತ್ರಿ ಹತ್ತರ ಮೇಲೆ ಕೇಳುವವರಿಲ್ಲ. ರೋಗಿಗಳು ಬಟನ್ ಒತ್ತಿದಾಗ ಸರ್ವರ್‌ಗೆ ಹೋಗುವ ಕರೆಗಳು ದಿನಕ್ಕೆ ಸುಮಾರು 3,000. ಹಳೆಯ ಆವೃತ್ತಿ ನಿಲ್ಲಿಸಿ ಹೊಸದನ್ನು ಎಬ್ಬಿಸಲು ಇಪ್ಪತ್ತು ಸೆಕೆಂಡು ಸಾಕು. ಈ ಇಬ್ಬರೂ ಎಲ್ಲೋ ಓದಿ ‘ನಮಗೂ ಕ್ಯಾನರಿ ಬೇಕು’ ಎಂದು ಹೊರಟರೆ?

ಕ್ಯಾನರಿ ಎಂಬುದು ಗಣಿಯಿಂದ ಬಂದ ಹೆಸರು. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ 1986ರವರೆಗೂ ಈ ಹಳದಿ ಹಕ್ಕಿಯನ್ನು ಪಂಜರದಲ್ಲಿಟ್ಟು ಒಯ್ಯುತ್ತಿದ್ದರು. ಕಾರ್ಬನ್ ಮೊನಾಕ್ಸೈಡ್‌ಗೆ ಮನುಷ್ಯನಿಗಿಂತ ಮೊದಲು ಹಕ್ಕಿ ಕುಸಿಯುತ್ತಿತ್ತು. ಸಾಫ್ಟ್‌ವೇರ್‌ನಲ್ಲಿ ಹೊಸ ಆವೃತ್ತಿಯನ್ನು ಮೊದಲು ನೂರಕ್ಕೆ ಐದು ಜನರಿಗೆ ಮಾತ್ರ ತೋರಿಸಿ, ತಪ್ಪುಗಳ ಎಣಿಕೆ ಏರದಿದ್ದರೆ ಉಳಿದವರಿಗೂ ಬಿಡುತ್ತಾರೆ. ಆ ಐದು ಜನರೇ ಇಲ್ಲಿ ಹಕ್ಕಿ.

ನಮ್ಮ ಆ್ಯಪ್‌ಗೆ ಲೆಕ್ಕ ಹಾಕಿ ನೋಡೋಣ. 3,000ಕ್ಕೆ ಐದು ಪ್ರತಿಶತವೆಂದರೆ ದಿನಕ್ಕೆ 150 ಕರೆ. ಹೊಸ ಆವೃತ್ತಿಯಲ್ಲಿ 300 ಕರೆಗೆ ಒಂದರಂತೆ ರಸೀದಿ ಕೈಕೊಡುತ್ತಿದೆ ಎನ್ನಿ. ಅಂಥ ತಪ್ಪು ಒಮ್ಮೆಯಾದರೂ ಕಣ್ಣಿಗೆ ಬೀಳುವ ಸಾಧ್ಯತೆ 95 ಪ್ರತಿಶತ ಇರಬೇಕಾದರೆ ಆ 300ರ ಮೂರು ಪಟ್ಟು, ಅಂದರೆ ಸುಮಾರು 900 ಕರೆ ಹಾದುಹೋಗಬೇಕು. ಆರು ದಿನ! ಏಳನೆಯ ದಿನ ಮುಂದಿನ ಆವೃತ್ತಿಯೇ ಸಿದ್ಧವಾಗಿರುತ್ತದೆ. ಕಂಡರೂ ಕಂಡದ್ದು ಒಂದೇ ತಪ್ಪು. ಅದು ಹೊಸ ಕೋಡ್‌ನದೋ, ರೋಗಿಯ ಮೊಬೈಲ್ ನೆಟ್‌ವರ್ಕ್‌ನದೋ ಹೇಳುವುದು ಹೇಗೆ? ದಿನಕ್ಕೆ ಒಂದು ಕೋಟಿ ಕರೆ ಬರುವ ಸೇವೆಯಲ್ಲಿ ಅದೇ 900 ಕರೆ ಮೂರು ನಿಮಿಷದೊಳಗೆ ಹಾದುಹೋಗುತ್ತದೆ. ಕ್ಯಾನರಿ ನಿಂತಿರುವುದು ಈ ಎಣಿಕೆಯ ಮೇಲೆ. ಎಣಿಸಲು ಸಾಕಷ್ಟು ಇಲ್ಲದ ಕಡೆ ಪಂಜರ ಇರುತ್ತದೆ, ಹಕ್ಕಿ ಇರುವುದಿಲ್ಲ.

ಬ್ಲೂ-ಗ್ರೀನ್ ಇದಕ್ಕಿಂತ ಸರಳ. 2010ರಲ್ಲಿ ಬಂದ ಜೆಜ್ ಹಂಬಲ್ ಮತ್ತು ಡೇವಿಡ್ ಫಾರ್ಲಿ ಅವರ ‘ಕಂಟಿನ್ಯೂಯಸ್ ಡೆಲಿವರಿ’ ಪುಸ್ತಕ ಇದನ್ನು ಹೆಚ್ಚು ಜನರಿಗೆ ತಲುಪಿಸಿತು. ಹಳೆಯ ಆವೃತ್ತಿ ‘ನೀಲಿ’ಯಲ್ಲಿ ಓಡುತ್ತಿರುವಾಗಲೇ ಹೊಸದನ್ನು ‘ಹಸಿರಿ’ನಲ್ಲಿ ಎಬ್ಬಿಸಿ, ಒಳಗಿಂದಲೇ ಪರೀಕ್ಷಿಸಿ, ಬಂದ ಜನರನ್ನು ಒಮ್ಮೆಗೇ ಅತ್ತ ತಿರುಗಿಸುವುದು. ಇದಕ್ಕೆ ಎರಡು ಯಂತ್ರ ಬೇಕೆಂದು ಹಲವರು ತಿಳಿದಿದ್ದಾರೆ. ಮೆಮೊರಿ ಸಾಲುವಂತಿದ್ದರೆ ಒಂದೇ ಸರ್ವರ್‌ನಲ್ಲಿ ಎರಡು ಪೋರ್ಟ್ ಸಾಕು. ಮುಂದೆ nginx ಇದ್ದರೆ ಅದರ ಕಡತದಲ್ಲಿ 3001 ಇದ್ದದ್ದನ್ನು 3002 ಮಾಡಿ,

```
nginx -t && nginx -s reload
```

ಎಂದರೆ ಮುಗಿಯಿತು. ಮೊದಲ ಭಾಗ ಕಡತದಲ್ಲಿ ತಪ್ಪಿದೆಯೇ ನೋಡುತ್ತದೆ. ಎರಡನೆಯದು ಹೊಸ ದಾರಿ ತೆರೆಯುತ್ತದೆ, ಅರ್ಧದಲ್ಲಿದ್ದ ಕರೆಗಳನ್ನು ಹಳೆಯ ದಾರಿಯಲ್ಲೇ ಮುಗಿಸಲು ಬಿಡುತ್ತದೆ. ಎಡವಟ್ಟಾದರೆ ಮತ್ತೆ 3001.

ಕೇಳಲು ಚೆನ್ನ. ಆದರೆ ಅಡುಗೆಮನೆ ಎರಡಾದರೂ ನೀರು ಸೇದುವ ಬಾವಿ ಒಂದೇ, ಅದು ಡೇಟಾಬೇಸ್. ಹೊಸ ಆವೃತ್ತಿಗಾಗಿ `phone` ಎಂಬ ಕಾಲಮ್ಮಿನ ಹೆಸರನ್ನು `mobile` ಎಂದು ಬದಲಿಸಿದಿರಿ ಎನ್ನಿ. ಆ ಕ್ಷಣದಿಂದ ಇನ್ನೂ ಓಡುತ್ತಿರುವ ನೀಲಿ `phone` ಹುಡುಕಿ ಮುಗ್ಗರಿಸುತ್ತದೆ. ಹಸಿರು ಕೆಟ್ಟರೆ ನೀಲಿಗೆ ಮರಳುವ ದಾರಿಯೂ ಮುಚ್ಚಿತು. ಹಾಗಾಗಿ ಬಲ್ಲವರು ಮೊದಲು `mobile` ಎಂಬ ಹೊಸ ಕಾಲಮ್ ಸೇರಿಸಿ, ಎರಡಕ್ಕೂ ಬರೆಯುವ ಆವೃತ್ತಿ ಬಿಟ್ಟು, ಹಳೆಯ ಮಾಹಿತಿಯನ್ನು ನಕಲಿಸುತ್ತಾರೆ. ನಂತರದ ಆವೃತ್ತಿ ಹೊಸದರಿಂದ ಓದುತ್ತದೆ. `phone` ಅನ್ನು ಅಳಿಸುವುದು ವಾರಗಳ ಮೇಲೆ, ಅದನ್ನು ಮುಟ್ಟುವ ಕೋಡ್ ಎಲ್ಲೂ ಇಲ್ಲವೆಂದು ಖಾತ್ರಿಯಾದಾಗ.

ಇನ್ನೊಂದು ಗುಂಡಿಗೆ ನಾನೇ ಬಿದ್ದಿದ್ದೇನೆ. ಹಸಿರಿಗೆ ಜನರನ್ನು ತಿರುಗಿಸಿ, ನೀಲಿಯನ್ನು ‘ಇರಲಿ’ ಎಂದು ರಾತ್ರಿಯಿಡೀ ಓಡಲು ಬಿಟ್ಟಿದ್ದೆ. ಬೆಳಿಗ್ಗೆ ಏಳಕ್ಕೆ ನೆನಪಿನ ಎಸ್ಸೆಮ್ಮೆಸ್ ಕಳಿಸುವ ಕೆಲಸ ಎರಡರೊಳಗೂ ಎದ್ದಿತು. ಎಲ್ಲರಿಗೂ ಎರಡೆರಡು ಸಂದೇಶ. nginx ತಿರುಗಿಸುವುದು ಹೊರಗಿನಿಂದ ಬರುವ ಕರೆಗಳನ್ನು ಮಾತ್ರ. ಗಡಿಯಾರ ನೋಡಿ ತಾನೇ ಏಳುವ ಕೆಲಸಗಳನ್ನು ನಾವೇ ನಿಲ್ಲಿಸಬೇಕು.

ಹಾಗಾದರೆ ನಮ್ಮ ಟೋಕನ್ ಆ್ಯಪ್‌ಗೆ ಏನು ಬೇಕು? ಸದ್ಯಕ್ಕೆ ಎರಡೂ ಬೇಡ. ರಾತ್ರಿ ಹನ್ನೊಂದಕ್ಕೆ ಇಪ್ಪತ್ತು ಸೆಕೆಂಡು ನಿಲ್ಲಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಹಳೆಯ ಆವೃತ್ತಿಯನ್ನು ಪಕ್ಕದ ಫೋಲ್ಡರಿನಲ್ಲಿ ಉಳಿಸಿಕೊಂಡರಾಯಿತು. ನಾಳೆ ಇಪ್ಪತ್ನಾಲ್ಕು ಗಂಟೆಯ ಆಸ್ಪತ್ರೆಯೊಂದು ಸೇರಿ ರಾತ್ರಿಯೂ ಬಿಡುವಿಲ್ಲದಂತಾದರೆ, ಅಥವಾ ಆ್ಯಪ್ ಬೆಳೆದು ಎದ್ದೇಳಲು ಇಪ್ಪತ್ತು ಸೆಕೆಂಡಿನ ಬದಲು ಮೂರು ನಿಮಿಷ ಹಿಡಿದರೆ, ಆಗ ಎರಡು ಪೋರ್ಟಿನ ಬ್ಲೂ-ಗ್ರೀನ್ ಮಾಡಿಕೊಳ್ಳಲಿ.

ಕ್ಯಾನರಿಯ ಆಸೆ ಆಗಲೂ ಹೋಗದಿದ್ದರೆ ಪ್ರತಿಶತ ಬಿಟ್ಟು ಕ್ಲಿನಿಕ್ ಲೆಕ್ಕದಲ್ಲಿ ಮಾಡಬಹುದು. ಕೋಡ್‌ನಲ್ಲಿ ಒಂದು ಸ್ವಿಚ್ ಇಟ್ಟು, ಹದಿನೈದರಲ್ಲಿ ಒಂದೇ ಕ್ಲಿನಿಕ್‌ಗೆ ಹೊಸ ರಸೀದಿ ತೆರೆಯುವುದು. ಹನ್ನೊಂದು ಗಂಟೆಗೆ ರಶ್ ಇಳಿದ ಮೇಲೆ ಅಲ್ಲಿನ ರಿಸೆಪ್ಷನಿಸ್ಟ್‌ಗೆ ಫೋನ್ ಮಾಡಿ, ‘ಮೇಡಂ, ಇವತ್ತು ರಸೀದಿ ಎಲ್ಲ ಸರಿಯಾಗಿ ಬಂತಾ?’ ಎಂದು ಕೇಳುವುದು.