ಕಬ್ಬಿಣದ ಹಿಡಿತಕ್ಕೆ ಸಿಕ್ಕ ನೀರು

ಫೆರಿಕ್ ಕ್ಲೋರೈಡ್ ಹಳದಿ-ಕಂದು ಬಣ್ಣದ, ಗಾಳಿಯ ತೇವ ಹೀರಿ ಅಂಟಂಟಾಗುವ ಉಂಡೆಗಳ ರೂಪದಲ್ಲಿ ಸಿಗುತ್ತದೆ. ಅದರ 2.7 ಗ್ರಾಂ ತೂಗಿ, ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಒಟ್ಟು 100 ಮಿಲಿಲೀಟರ್ ದ್ರಾವಣ ಮಾಡಿಕೊಂಡರೆ ಅದರ ಪಿಎಚ್ ಎರಡಕ್ಕಿಂತ ಕೆಳಗೆ, 1.7ರ ಆಸುಪಾಸಿನಲ್ಲಿರುತ್ತದೆ. ಅಂದರೆ ನಿಂಬೆರಸಕ್ಕಿಂತಲೂ ಹೆಚ್ಚು ಆಮ್ಲೀಯ. ಇದಕ್ಕೆ ಯಾರೂ ಒಂದು ಹನಿ ಆಮ್ಲ ಸುರಿದಿಲ್ಲ. ಹಾಕಿದ್ದು ಒಂದು ಲವಣ ಮತ್ತು ಶುದ್ಧ ನೀರು, ಅಷ್ಟೇ. ಅಡುಗೆ ಉಪ್ಪನ್ನು ಇದೇ ರೀತಿ ಕರಗಿಸಿದರೆ ಪಿಎಚ್ ಏಳರಿಂದ ಕದಲುವುದಿಲ್ಲ.

ಪಿಯುಸಿ ಪುಸ್ತಕದಲ್ಲಿ ಇದಕ್ಕೆ ಒಂದು ಸಿದ್ಧ ಉತ್ತರವಿದೆ: ಫೆರಿಕ್ ಕ್ಲೋರೈಡ್ ಪ್ರಬಲ ಆಮ್ಲ ಮತ್ತು ದುರ್ಬಲ ಪ್ರತ್ಯಾಮ್ಲದಿಂದಾದ ಲವಣ, ಆದ್ದರಿಂದ ಅದರ ದ್ರಾವಣ ಆಮ್ಲೀಯ. ಈ ಉತ್ತರ ತಪ್ಪಲ್ಲ, ಅಂಕವೂ ಸಿಗುತ್ತದೆ. ಆದರೆ ಆ ಆಮ್ಲ ಎಲ್ಲಿಂದ ಬಂತು ಎಂಬುದನ್ನು ಅದು ಹೇಳುವುದೇ ಇಲ್ಲ. ಓದಿದವರ ಮನಸ್ಸಿನಲ್ಲಿ ಲವಣದ ಒಳಗೆ ಹೈಡ್ರೋಕ್ಲೋರಿಕ್ ಆಮ್ಲ ಅಡಗಿ ಕೂತಿತ್ತು, ನೀರಿಗೆ ಬಿದ್ದೊಡನೆ ಹೊರಬಂತು ಎಂಬ ಚಿತ್ರ ಉಳಿದುಬಿಡುತ್ತದೆ. ಕ್ಲೋರೈಡಿನ ಬದಲು ಫೆರಿಕ್ ನೈಟ್ರೇಟ್ ಕರಗಿಸಿ ನೋಡಿದರೆ ಆ ಚಿತ್ರ ನಿಲ್ಲುವುದಿಲ್ಲ. ಅಲ್ಲಿ ಕ್ಲೋರಿನ್ ಇಲ್ಲವೇ ಇಲ್ಲ, ದ್ರಾವಣ ಮಾತ್ರ ಹಾಗೆಯೇ ಆಮ್ಲೀಯ. ಹಾಗಾದರೆ ಕಾರಣವನ್ನು ಹುಡುಕಬೇಕಾದದ್ದು ಕಬ್ಬಿಣದ ಅಯಾನು ಮತ್ತು ಅದರ ಸುತ್ತಲಿನ ನೀರಿನಲ್ಲಿ.

ಫೆರಿಕ್ ಅಯಾನು ಎಂದರೆ ಮೂರು ಎಲೆಕ್ಟ್ರಾನ್ ಕಳೆದುಕೊಂಡು ಮೂರು ಧನ ಆವೇಶ ಹೊತ್ತ ಕಬ್ಬಿಣದ ಪರಮಾಣು. ನೀರಿನಲ್ಲಿ ಅದು ಎಂದೂ ಒಂಟಿಯಾಗಿ ಓಡಾಡುವುದಿಲ್ಲ. ಆರು ನೀರಿನ ಅಣುಗಳು ಮೇಲೆ, ಕೆಳಗೆ ಮತ್ತು ನಾಲ್ಕು ಪಕ್ಕಗಳಲ್ಲಿ, ತಮ್ಮ ಆಕ್ಸಿಜನ್ ತುದಿಯನ್ನು ಕಬ್ಬಿಣದ ಕಡೆ ಚಾಚಿ ಅದಕ್ಕೆ ಬಂಧಗೊಂಡಿರುತ್ತವೆ. ಇದು ಸುಮ್ಮನೆ ಪಕ್ಕದಲ್ಲಿ ನಿಲ್ಲುವುದಲ್ಲ. ಹಾಗೆ ಸೇರಿದ ಒಂದು ನೀರಿನ ಅಣು ಬೇರೊಂದಕ್ಕೆ ಜಾಗ ಬಿಟ್ಟುಕೊಡುವ ಮುನ್ನ ಸೆಕೆಂಡಿನ ಸಾವಿರದ ಕೆಲವು ಭಾಗದಷ್ಟು ಹೊತ್ತು ಅಲ್ಲೇ ಇರುತ್ತದೆ. ಅಣುಗಳ ಲೋಕದಲ್ಲಿ ಇದು ಬಹು ದೀರ್ಘ ಕಾಲ. ಆದ್ದರಿಂದ ದ್ರಾವಣದಲ್ಲಿ ನಿಜವಾಗಿ ಇರುವ ವಸ್ತುವನ್ನು Fe³⁺ ಎಂದು ಬರೆಯುವುದಕ್ಕಿಂತ [Fe(H₂O)₆]³⁺ ಎಂದು ಬರೆಯುವುದೇ ಸರಿ. ಶಾಲೆಯಲ್ಲಿ ಮೊದಲಿನಿಂದಲೇ ಹೀಗೆ ಬರೆಸಿದರೆ ಅರ್ಧ ಗೊಂದಲ ತಪ್ಪುತ್ತದೆ ಎಂಬುದು ನನ್ನ ನಂಬಿಕೆ.

ಈಗ ಆ ಆರರಲ್ಲಿ ಒಂದು ಅಣುವನ್ನು ಮಾತ್ರ ಗಮನಿಸೋಣ. ಅದರ ಆಕ್ಸಿಜನ್ ತನ್ನ ಒಂದು ಜೊತೆ ಎಲೆಕ್ಟ್ರಾನ್‌ಗಳನ್ನು ಕಬ್ಬಿಣದೊಡನೆ ಹಂಚಿಕೊಂಡಿದೆ. ಮೂರು ಧನ ಆವೇಶದ ಆ ಪುಟ್ಟ ಅಯಾನು ಅವನ್ನು ಬಲವಾಗಿ ತನ್ನತ್ತ ಸೆಳೆಯುತ್ತದೆ. ಕೊರತೆಗೆ ಬಿದ್ದ ಆಕ್ಸಿಜನ್, ತನಗೂ ಹೈಡ್ರೋಜನ್‌ಗೂ ನಡುವಿನ ಬಂಧದ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಂದೇ ಕಂಬಳಿ ಹೊದ್ದು ಮಲಗಿದ ಮೂವರಲ್ಲಿ ಒಂದು ಬದಿಯವನು ಜಗ್ಗಿದರೆ ಇನ್ನೊಂದು ಬದಿಯವನ ಮೈ ಬಯಲಾಗುತ್ತದಲ್ಲ, ಹೈಡ್ರೋಜನ್‌ನ ಪಾಡು ಹಾಗೆಯೇ. ಎಲೆಕ್ಟ್ರಾನ್ ಹೊದಿಕೆ ತೆಳುವಾದ ಆ ಹೈಡ್ರೋಜನ್ ಬಹುಮಟ್ಟಿಗೆ ಬರಿಯ ಪ್ರೋಟಾನ್‌ನಂತಾಗಿ, ಪಕ್ಕದಲ್ಲಿ ಹಾದುಹೋಗುವ ಬಿಡಿ ನೀರಿನ ಅಣುವಿಗೆ ಸುಲಭವಾಗಿ ದಕ್ಕುತ್ತದೆ:

[Fe(H₂O)₆]³⁺ + H₂O ⇌ [Fe(H₂O)₅(OH)]²⁺ + H₃O⁺

ಬಲಗಡೆಯ H₃O⁺ ಪಿಎಚ್ ಮೀಟರ್ ಗುರುತಿಸುವ ಆಮ್ಲ. ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ 1923ರಲ್ಲಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಪ್ರೋಟಾನ್ ಕೊಡುವುದೆಲ್ಲ ಆಮ್ಲ ಎಂಬ ವ್ಯಾಖ್ಯೆ ಕೊಟ್ಟರು. ಆ ಲೆಕ್ಕದಲ್ಲಿ ನೀರು ಸುತ್ತಿಕೊಂಡ ಕಬ್ಬಿಣದ ಅಯಾನು ತಾನೇ ಒಂದು ಆಮ್ಲ. ಪ್ರೋಟಾನ್ ಬರುವುದು ಕಬ್ಬಿಣದಿಂದಲ್ಲ, ಕಬ್ಬಿಣದ ಹಿಡಿತಕ್ಕೆ ಸಿಕ್ಕ ನೀರಿನಿಂದ.

ಈ ಆಮ್ಲ ಎಷ್ಟು ಬಲವಾದದ್ದು? ರಸಾಯನಶಾಸ್ತ್ರದಲ್ಲಿ ಆಮ್ಲಗಳ ಬಲವನ್ನು ಪಿಕೆಎ ಎಂಬ ಸಂಖ್ಯೆಯಿಂದ ಅಳೆಯುತ್ತಾರೆ. ಸಂಖ್ಯೆ ಒಂದು ಇಳಿದರೆ ಬಲ ಹತ್ತು ಪಟ್ಟು ಏರುತ್ತದೆ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದ ಪಿಕೆಎ 4.76, ಫೆರಿಕ್ ಅಯಾನಿನದು ಸುಮಾರು 2.2. ಲೀಟರಿಗೆ 0.1 ಮೋಲ್ ಇರುವ ದ್ರಾವಣದಲ್ಲಿ, ಅಂದರೆ ಮೇಲೆ 2.7 ಗ್ರಾಂ ಕರಗಿಸಿ ಮಾಡಿಕೊಂಡಂಥದ್ದರಲ್ಲಿ, ಅಸಿಟಿಕ್ ಆಮ್ಲದ ನೂರು ಅಣುಗಳಲ್ಲಿ ಒಂದೋ ಎರಡೋ ಪ್ರೋಟಾನ್ ಬಿಟ್ಟುಕೊಡುತ್ತವೆ. ಸರಳ ಲೆಕ್ಕ ಹಾಕಿದರೆ ಫೆರಿಕ್ ಅಯಾನುಗಳಲ್ಲಿ ನೂರಕ್ಕೆ ಇಪ್ಪತ್ತರಷ್ಟು ಬಿಟ್ಟುಕೊಟ್ಟಿರುತ್ತವೆ.

ಇದನ್ನು ಕಣ್ಣಾರೆ ನೋಡುವುದಕ್ಕೂ ದಾರಿಯಿದೆ. ಫೆರಿಕ್ ನೈಟ್ರೇಟ್ ಅಥವಾ ಫೆರಿಕ್ ಆಲಂನ ಹರಳುಗಳು ತಿಳಿ ನೇರಳೆ. ಆರೂ ನೀರಿನ ಅಣುಗಳು ಅಖಂಡವಾಗಿರುವ ಅಯಾನಿನ ಬಣ್ಣ ಅದು. ನೀರಿಗೆ ಹಾಕಿದರೆ ನೇರಳೆ ಮಾಯವಾಗಿ ಹಳದಿ-ಕಂದು ಬರುತ್ತದೆ, ಏಕೆಂದರೆ ಪ್ರೋಟಾನ್ ಕಳೆದುಕೊಂಡ ಅಯಾನು ಆ ಬಣ್ಣದ್ದು. ಈ ದ್ರಾವಣಕ್ಕೆ ನೈಟ್ರಿಕ್ ಆಮ್ಲ ಸೇರಿಸುತ್ತ ಹೋದರೆ ಹಳದಿ ತೆಳುವಾಗುತ್ತ ಬಹುತೇಕ ಬಣ್ಣವಿಲ್ಲದಂತಾಗುತ್ತದೆ. ಹೊರಗೆ ಪ್ರೋಟಾನ್‌ಗಳ ದಟ್ಟಣೆ ಹೆಚ್ಚಿದ್ದರಿಂದ ಕಳೆದುಕೊಂಡಿದ್ದ ಅಯಾನುಗಳು ಅವನ್ನು ಮರಳಿ ಪಡೆದವು. ಈ ಪ್ರಯೋಗಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಬಳಸಬಾರದು. ಕ್ಲೋರೈಡ್ ನೇರವಾಗಿ ಕಬ್ಬಿಣಕ್ಕೆ ಅಂಟಿ ತನ್ನದೇ ಹಳದಿ ಬಣ್ಣ ತರುತ್ತದೆ, ಆಗ ಯಾವ ಹಳದಿ ಯಾವುದರಿಂದ ಬಂತೆಂದು ಬಿಡಿಸಲಾಗುವುದಿಲ್ಲ.

ಅದೇ ಕಬ್ಬಿಣ ಎರಡೇ ಎಲೆಕ್ಟ್ರಾನ್ ಕಳೆದುಕೊಂಡು ಫೆರಸ್ ಅಯಾನಾಗಿದ್ದರೆ ಅದರ ಪಿಕೆಎ ಸುಮಾರು 9.5. ಅಂದರೆ ಫೆರಿಕ್‌ಗಿಂತ ಕೋಟಿ ಪಟ್ಟಿಗೂ ಮೀರಿ ದುರ್ಬಲ. ಒಂದು ಆವೇಶ ಕಡಿಮೆಯಾಯಿತು, ಗಾತ್ರ ತುಸು ಹಿಗ್ಗಿತು, ಸೆಳೆತ ಇಷ್ಟು ಕುಸಿಯಿತು. ಒಂದೇ ಆವೇಶದ, ದೊಡ್ಡ ಮೈಯ ಸೋಡಿಯಂ ಅಯಾನಿಗೆ ನೀರಿನಿಂದ ಪ್ರೋಟಾನ್ ಬಿಡಿಸುವ ಶಕ್ತಿಯೇ ಇಲ್ಲವೆನ್ನಬಹುದು. ಹಾಗೆಂದು ಆವೇಶ ಮತ್ತು ಗಾತ್ರ ಎರಡರಿಂದಲೇ ಎಲ್ಲವನ್ನೂ ವಿವರಿಸಲು ಹೊರಟರೆ ಅಲ್ಯೂಮಿನಿಯಂ ಅಡ್ಡ ಬರುತ್ತದೆ. ಅದರ ಆವೇಶವೂ ಮೂರು, ಗಾತ್ರವಂತೂ ಫೆರಿಕ್‌ಗಿಂತ ಚಿಕ್ಕದು. ಹಾಗಾಗಿ ಇನ್ನೂ ಬಲವಾದ ಆಮ್ಲವಾಗಬೇಕಿತ್ತು. ಅದರ ಪಿಕೆಎ ಮಾತ್ರ 5ರ ಹತ್ತಿರ, ವಿನೆಗರ್‌ನ ಆಮ್ಲದ ಮಟ್ಟ. ಫೆರಿಕ್ ಅಯಾನಿನ ಹೊರಪದರದಲ್ಲಿ ಅರೆತುಂಬಿದ ಡಿ ಕಕ್ಷಕಗಳಿವೆ, ಆಕ್ಸಿಜನ್‌ನೊಂದಿಗೆ ಅದು ಎಲೆಕ್ಟ್ರಾನ್ ಹಂಚಿಕೊಳ್ಳುವುದು ಅಲ್ಯೂಮಿನಿಯಂಗಿಂತ ಗಾಢವಾಗಿ. ಬರೀ ಧನ-ಋಣ ಆಕರ್ಷಣೆಯ ಲೆಕ್ಕಕ್ಕೆ ಅದು ಸಿಗುವುದಿಲ್ಲ.

ಆಮ್ಲದ ಬಲ ಗೊತ್ತಾಯಿತು. ಅದರ ಪರಿಣಾಮ ಪ್ರಯೋಗಾಲಯದ ಬಾಟಲಿಯಲ್ಲೇ ಕಾಣುತ್ತದೆ. ಫೆರಿಕ್ ಕ್ಲೋರೈಡ್ ದ್ರಾವಣವನ್ನು ನೂರು ಪಟ್ಟು ತೆಳುಮಾಡಿದರೆ ಪಿಎಚ್ ಎರಡು ಅಂಕ ಏರಬೇಕೆಂದು ನಾವು ನಿರೀಕ್ಷಿಸುತ್ತೇವೆ. ಏರುವುದು ಒಂದೂವರೆಯ ಒಳಗೆ, ಮೂರರ ಹತ್ತಿರಕ್ಕೆ. ನೀರು ಹೆಚ್ಚಿದಷ್ಟೂ ಮೇಲಿನ ಸಮೀಕರಣ ಬಲಕ್ಕೆ ಜರುಗುತ್ತದೆ, ಆಗ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಅಯಾನುಗಳು ಪ್ರೋಟಾನ್ ಬಿಟ್ಟಿರುತ್ತವೆ. ಅದು ಅಲ್ಲಿಗೂ ನಿಲ್ಲುವುದಿಲ್ಲ. ಪ್ರೋಟಾನ್ ಕಳೆದುಕೊಂಡ ಅಯಾನುಗಳು ಆಕ್ಸಿಜನ್ ಮೂಲಕ ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಎರಡನೆಯ, ಮೂರನೆಯ ಪ್ರೋಟಾನ್‌ಗಳನ್ನೂ ಬಿಡುತ್ತ, ಕೊನೆಗೆ ತುಕ್ಕಿನ ಬಣ್ಣದ ಫೆರಿಕ್ ಹೈಡ್ರಾಕ್ಸೈಡ್ ಗಸಿಯಾಗಿ ತಳ ಸೇರುತ್ತವೆ. ಕೆಲವು ದಿನ ಇಟ್ಟ ತೆಳು ದ್ರಾವಣ ಕದಡಿದಂತೆ ಕಂಡರೆ ಆಗಿರುವುದು ಇದೇ. ಶೇಖರಿಸಿಡುವ ದ್ರಾವಣಕ್ಕೆ ತಯಾರಿಸುವಾಗಲೇ ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸುವುದು ಇದನ್ನು ತಡೆಯಲೆಂದು.

ಆದರೆ ಫೀನಾಲ್ ಪತ್ತೆಹಚ್ಚುವ ಪರೀಕ್ಷೆಗೆ ಆ ಆಮ್ಲವೇ ತೊಡಕು. ಫೀನಾಲ್ ತನ್ನ ಪ್ರೋಟಾನ್ ಬಿಟ್ಟರೆ ಮಾತ್ರ ಕಬ್ಬಿಣಕ್ಕೆ ಅಂಟಿ ನೇರಳೆ ಬಣ್ಣ ಕೊಡುತ್ತದೆ, ಆಮ್ಲ ಹೆಚ್ಚಿದ್ದರೆ ಬಿಡುವುದಿಲ್ಲ. ಅದಕ್ಕೆ ‘ನ್ಯೂಟ್ರಲ್ ಫೆರಿಕ್ ಕ್ಲೋರೈಡ್’ ಮಾಡಿಕೊಳ್ಳಬೇಕು. ದ್ರಾವಣಕ್ಕೆ ತೆಳು ಸೋಡಿಯಂ ಹೈಡ್ರಾಕ್ಸೈಡ್ ಅಥವಾ ಅಮೋನಿಯಾವನ್ನು ಹನಿಹನಿಯಾಗಿ ಬಿಡುತ್ತಾರೆ. ಮೊದಮೊದಲು ಹನಿ ಬಿದ್ದಲ್ಲಿ ಕಂದು ಮೋಡ ಎದ್ದು, ಅಲುಗಿಸಿದರೆ ಕರಗಿಹೋಗುತ್ತದೆ. ಅಲುಗಿಸಿದರೂ ಕರಗದೆ ತುಸು ಗಸಿ ಉಳಿದಾಗ ನಿಲ್ಲಿಸಿ ಸೋಸುತ್ತಾರೆ. ಹೀಗೆ ಸಿದ್ಧವಾದದ್ದರ ಪಿಎಚ್ ಏಳಾಗಿರುವುದಿಲ್ಲ, ಎರಡು-ಮೂರರ ಮಟ್ಟದಲ್ಲೇ ಇರುತ್ತದೆ. ಏಳಕ್ಕೆ ತಂದರೆ ಕರಗಿದ ಕಬ್ಬಿಣ ಬಹುತೇಕ ಉಳಿಯುವುದೇ ಇಲ್ಲ, ಎಲ್ಲ ಗಸಿಯಾಗಿ ಇಳಿದುಬಿಡುತ್ತದೆ.

ಬಾಟಲಿಯಲ್ಲಿ ನಡೆಯುವ ಇದೇ ರಸಾಯನ ಸ್ಪೇನಿನ ಆಂಡಲೂಸಿಯಾದಲ್ಲಿ ಒಂದು ನದಿಯ ಉದ್ದಕ್ಕೂ ನಡೆಯುತ್ತಿದೆ. ಉವೆಲ್ವಾ ಪ್ರಾಂತ್ಯದ ರಿಯೊ ಟಿಂಟೊ ನದಿಯ ನೀರು ಕೆಂಪು, ಅದರ ಪಿಎಚ್ ಸುಮಾರು 2.3. ಅಲ್ಲಿನ ಬಂಡೆಗಳಲ್ಲಿರುವ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕದ ಖನಿಜ, ಗಾಳಿ ಮತ್ತು ನೀರಿಗೆ ಸಿಕ್ಕು ಗಂಧಕಾಮ್ಲವನ್ನೂ ಫೆರಸ್ ಕಬ್ಬಿಣವನ್ನೂ ಕೊಡುತ್ತದೆ. ನೀರಿನಲ್ಲಿರುವ ಬ್ಯಾಕ್ಟೀರಿಯಾಗಳು ಫೆರಸ್ ಅನ್ನು ಫೆರಿಕ್ ಮಾಡಿ ಅದರಿಂದ ಶಕ್ತಿ ಪಡೆಯುತ್ತವೆ. ನೂರು ಕಿಲೋಮೀಟರ್‌ನಷ್ಟು ಹರಿದರೂ, ಮಳೆ ಬಂದರೂ, ಬೇಸಿಗೆಯಲ್ಲಿ ನೀರು ಬತ್ತಿದರೂ ಪಿಎಚ್ ಹೆಚ್ಚು ಕದಲುವುದಿಲ್ಲ. ಮಳೆನೀರು ಬೆರೆತು ತೆಳುವಾದರೆ ಫೆರಿಕ್ ಅಯಾನುಗಳು ಇನ್ನಷ್ಟು ಪ್ರೋಟಾನ್ ಬಿಟ್ಟು ಗಸಿಯಾಗುತ್ತವೆ. ನೀರು ಆವಿಯಾಗಿ ಆಮ್ಲ ದಟ್ಟವಾದರೆ ಗಸಿ ಪ್ರೋಟಾನ್ ಹೀರಿಕೊಂಡು ಮತ್ತೆ ಕರಗುತ್ತದೆ.

ಇಂಥ ಗಣಿನೀರನ್ನು ಶುದ್ಧಿ ಮಾಡುವವರು ಬರೀ ಪಿಎಚ್ ನೋಡಿ ಸುಣ್ಣ ಹಾಕಿದರೆ ಮೋಸಹೋಗುತ್ತಾರೆ. ಪಿಎಚ್ 2.3 ಇದ್ದು, ಲೀಟರಿಗೆ 2 ಗ್ರಾಂ ಫೆರಿಕ್ ಕಬ್ಬಿಣ ಕರಗಿರುವ ನೀರನ್ನು ಎತ್ತಿಕೊಳ್ಳೋಣ. ಮೀಟರ್ ತೋರಿಸುವ ಆಮ್ಲ ಲೀಟರಿಗೆ 5 ಮಿಲಿಮೋಲ್. ಅದಕ್ಕೆ 0.2 ಗ್ರಾಂ ಸುಣ್ಣ ಸಾಕು. ಆದರೆ ಕಬ್ಬಿಣದ ಪ್ರತಿ ಅಯಾನು ಗಸಿಯಾಗುವ ಹೊತ್ತಿಗೆ ಮೂರು ಪ್ರೋಟಾನ್ ಬಿಟ್ಟಿರುತ್ತದೆ. 2 ಗ್ರಾಂ ಕಬ್ಬಿಣದ ಒಟ್ಟು ಪಾಲು ನೂರು ಮಿಲಿಮೋಲ್‌ಗೂ ಮೇಲೆ. ಈಗಾಗಲೇ ಬಿಟ್ಟಿರಬಹುದಾದದ್ದನ್ನು ಕಳೆದರೂ ಉಳಿಯುವುದು ಮೀಟರ್ ತೋರಿಸಿದ್ದರ ಹದಿನೈದು ಪಟ್ಟಿಗೂ ಹೆಚ್ಚು. ಹಾಗಾಗಿ ನಿಜಕ್ಕೆ ಬೇಕಾಗುವ ಸುಣ್ಣ ಲೀಟರಿಗೆ ಮೂರೂವರೆ ಗ್ರಾಂ ಆಸುಪಾಸು. 0.2 ಗ್ರಾಂ ಹಾಕಿದವರಿಗೆ ಪಿಎಚ್ ಒಂದಿಷ್ಟು ಮೇಲೇರುವುದೂ ಅನುಮಾನ. ನೀರಿನ ಮಾದರಿಯನ್ನು ಕ್ಷಾರದೊಂದಿಗೆ ಟೈಟ್ರೇಷನ್ ಮಾಡಿ ಒಟ್ಟು ಆಮ್ಲವನ್ನು ಅಳೆದ ಮೇಲೆಯೇ ಸುಣ್ಣದ ಪ್ರಮಾಣವನ್ನು ನಿಗದಿ ಮಾಡಬೇಕು.